ತೂಕ ಇಳಿದಿದೆ, ಶುಗರ್ ಸರಿಯಿದೆ: ಮಾತ್ರೆ ಬಿಡಬಹುದಾ?

ಕೇಳಿದವರು (ಹಾಸನ): ವಯಸ್ಸು 47, ಶುಗರ್ ಬಂದು 4 ವರ್ಷ. ಒಂದು ವರ್ಷದಲ್ಲಿ 84 ಕೆಜಿಯಿಂದ 72ಕ್ಕೆ ಇಳಿದೆ. ಗ್ಲಿಮಿಪಿರೈಡ್ 1, ಮೆಟ್‌ಫಾರ್ಮಿನ್ 500 ಎರಡೂ ಸೇರಿರುವ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಆರು ತಿಂಗಳಿಂದ ಖಾಲಿ ಹೊಟ್ಟೆಯಲ್ಲಿ 90ರಿಂದ 105. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9. ಕಮ್ಮಿ ಮಾಡಬಹುದಾ, ಪೂರ್ತಿ ಬಿಡಬಹುದಾ? ಮಾಡಿ ನೋಡಿದವರು ಹೇಳಿ.

ತುಮಕೂರಿನವರು: ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದರೆ ಶುಗರ್ ಹೋಯಿತು ಅಂತಲೇ ಲೆಕ್ಕ ಸರ್. ನಾನಾಗಿದ್ದರೆ ನಾಳೆಯಿಂದಲೇ ಬಿಡ್ತಿದ್ದೆ. ಸುಮ್ನೆ ಯಾಕೆ ನುಂಗೋದು?

ದಾವಣಗೆರೆಯವರು: 6.5ರ ಮಾತು ನಿಜ, ಆದರೆ ಅರ್ಧ ಮಾತ್ರ. ಮಾತ್ರೆ ಪೂರ್ತಿ ನಿಲ್ಲಿಸಿ ಕಡೇಪಕ್ಷ ಮೂರು ತಿಂಗಳಾದ ಮೇಲೂ 6.5ಕ್ಕಿಂತ ಕೆಳಗಿದ್ದರೆ ಆಗ ಆ ಲೆಕ್ಕ. ಇವರ 5.9ರಲ್ಲಿ ಮಾತ್ರೆಯ ಪಾಲು ಎಷ್ಟು, ತೂಕ ಇಳಿದದ್ದರ ಪಾಲು ಎಷ್ಟು ಅಂತ ಈಗ ಯಾರೂ ಹೇಳಲಾರರು.

ನನ್ನದು ಮೆಡಿಕಲ್ ಶಾಪ್, ನಾನೂ ಶುಗರ್‌ನವನೇ. ಇದೇ ಜೋಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. 11 ಕೆಜಿ ಇಳಿದ ಮೇಲೆ ಒಂದು ದಿನ ತಿಂಡಿ ಸ್ವಲ್ಪವೇ ತಿಂದು ಅಂಗಡಿಗೆ ಬಂದೆ. ಹನ್ನೊಂದು ಗಂಟೆಗೆ ಕೈ ನಡುಕ, ಬೆವರು, ಲೆಕ್ಕ ಕೂಡಲು ಬರುತ್ತಿಲ್ಲ. ಚುಚ್ಚಿ ನೋಡಿದರೆ 61. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆ, 88. ಇದು ಗ್ಲಿಮಿಪಿರೈಡ್ ಕೆಲಸ. ನೀವು ಉಂಡಿರಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗೆ ಕುಸಿಯುವುದು ಅಪರೂಪ. ಅದಕ್ಕೇ ಸಾಮಾನ್ಯವಾಗಿ ಮೊದಲು ಇಳಿಸುವುದು ಗ್ಲಿಮಿಪಿರೈಡ್, ಕೊನೆಗೆ ಮೆಟ್‌ಫಾರ್ಮಿನ್.

ಜೋಡಿ ಮಾತ್ರೆಯಲ್ಲಿ ಒಂದನ್ನೇ ತೆಗೆಯಲು ಆಗಲ್ಲ ಅಲ್ವಾ? ಕೆಲವರು ಅರ್ಧ ಮುರಿದು ನುಂಗುತ್ತಾರೆ. ಪಟ್ಟಿಯ ಮೇಲೆ ಎಸ್‌ಆರ್ ಅಂತಿದ್ದರೆ ಅದು ನಿಧಾನವಾಗಿ ಕರಗಬೇಕಾದ ಮಾತ್ರೆ, ಮುರಿಯಬಾರದು. ನಮ್ಮ ಡಾಕ್ಟರ್ ಚೀಟಿ ಬದಲಿಸಿದರು. ಮೊದಲು ರಾತ್ರಿಯ ಜೋಡಿ ಮಾತ್ರೆ ಹೋಗಿ ಬರೀ ಮೆಟ್‌ಫಾರ್ಮಿನ್ ಬಂತು. ಮೂರು ವಾರ ನೋಡಿ ಬೆಳಗಿನದಕ್ಕೂ ಹಾಗೇ ಮಾಡಿದರು. ಮೂರು ತಿಂಗಳಿಗೆ ಎಚ್‌ಬಿಎ1ಸಿ 6.1. ಆಮೇಲೆ ದಿನಕ್ಕೆ ಒಂದೇ ಮೆಟ್‌ಫಾರ್ಮಿನ್, ಮತ್ತೆ ಮೂರು ತಿಂಗಳಿಗೆ ಅದೂ ನಿಂತಿತು.

ನಾನು ಎಡವಿದ್ದು ಎಲ್ಲಿ ಅಂದರೆ, ಬೆಳಿಗ್ಗೆ ಖಾಲಿ ಹೊಟ್ಟೆ ಮಾತ್ರ ನೋಡುತ್ತಿದ್ದೆ. 108, 112, ಖುಷಿಯೋ ಖುಷಿ. ಒಂದು ಭಾನುವಾರ ಊಟವಾಗಿ ಎರಡು ಗಂಟೆಗೆ ನೋಡಿದರೆ 214. ಮುಂಚೆಯೇ ಡಾಕ್ಟರ್ ಜತೆ ಗೆರೆ ಹಾಕಿಕೊಂಡಿದ್ದೆವು: ಖಾಲಿ ಹೊಟ್ಟೆ 130, ಊಟದ ಮೇಲೆ 180 ಇದನ್ನು ಕೆಲವು ದಿನ ದಾಟುತ್ತಲೇ ಇದ್ದರೆ ಫೋನ್ ಮಾಡಬೇಕು. ಮಾಡಿದೆ. ಈಗ ಮೆಟ್‌ಫಾರ್ಮಿನ್ 500 ರಾತ್ರಿ ಒಂದು. ಸೋತೆ ಅಂತ ಅನಿಸಲಿಲ್ಲ, ನಾಲ್ಕು ಕೆಜಿ ವಾಪಸ್ ಬಂದಿತ್ತು, ಕಾರಣ ಕಣ್ಣ ಮುಂದೇ ಇತ್ತು.

ಶಿರಸಿಯವರು: ನಂಗೂ ಹೀಗೇ ಆಗಿತ್ತು. ಬಿಪಿ 130/80 ಬರುತ್ತಿತ್ತು, ಬಿಪಿ ಮಾತ್ರೆ ಮೆಟೊಪ್ರೊಲಾಲ್ ಒಂದೇ ದಿನಕ್ಕೆ ನಿಲ್ಲಿಸಿದೆ. ಮೂರನೇ ದಿನ ಎದೆ ಡವಡವ, ಬಿಪಿ 170. ಯಾರೂ ಹಾಗೆ ಮಾಡಬೇಡಿ.

ದಾವಣಗೆರೆಯವರು: ಅಕ್ಕ, ಇವರು ಕೇಳಿದ್ದು ಶುಗರ್ ಮಾತ್ರೆ. ಆದರೂ ಹೇಳಿದ್ದು ಒಳ್ಳೆಯದಾಯಿತು, ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಬೇಕು. ಹಾಗೆಯೇ ಕೆಲವು ಮಾತ್ರೆ ಅಂಕಿಗೋಸ್ಕರ ಮಾತ್ರ ಕೊಟ್ಟಿರಲ್ಲ. ಕಿಡ್ನಿಗೆ ಅಂತ ಕೊಟ್ಟ ಟೆಲ್ಮಿಸಾರ್ಟಾನ್ ಬಿಪಿ ಸರಿಯಿದೆ ಅಂತ ಬಿಡಕ್ಕಾಗಲ್ಲ.

ಬೆಂಗಳೂರಿನವರು: ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ ನೋಡಿ, 2017ರಲ್ಲಿ ಬಂದದ್ದು. ತೂಕ ಇಳಿಸುವ ಗುಂಪಿನಲ್ಲಿ ಒಂದು ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ ಜನ ಮಾತ್ರೆಯಿಲ್ಲದೆ ಹತೋಟಿಯಲ್ಲಿದ್ದರು, ಎರಡನೇ ವರ್ಷಕ್ಕೆ ಮೂರರಲ್ಲಿ ಒಬ್ಬರಷ್ಟೇ. ಅಲ್ಲಿ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು, ಆದರೆ ಊಟವನ್ನೂ ಅದೇ ದಿನ ಬದಲಿಸಿ ಪಕ್ಕದಲ್ಲೇ ಕಾಯುವವರಿದ್ದರು. ಎಲ್ಲರೂ ಶುಗರ್ ಬಂದು 6 ವರ್ಷದೊಳಗಿನವರು. ನಿಮ್ಮದು 4, ಆಸೆಯಿದೆ. ಕೊನೆಯ ಮೆಟ್‌ಫಾರ್ಮಿನ್ ಬಗ್ಗೆ ಮಾತ್ರ ನನಗೆ ಬೇರೆ ಅಭಿಪ್ರಾಯ. ಹೊಟ್ಟೆಗೆ ಒಗ್ಗಿದ್ದರೆ ಬಿಡಲು ಅವಸರ ಏನು?

ತುಮಕೂರಿನವರು: ಮಾತ್ರೆ ಇಲ್ಲ ಅನ್ನೋ ನೆಮ್ಮದಿಗೇ ಬೆಲೆ ಇಲ್ವಾ ಸರ್?

ಕೇಳಿದವರು (ಹಾಸನ): ಪಟ್ಟಿ ತಿರುಗಿಸಿ ನೋಡಿದೆ, ಎಸ್‌ಆರ್ ಅಂತಲೇ ಇದೆ. ಹತ್ತು ದಿನದಿಂದ ಅರ್ಧ ಮುರಿದು ತಗೊಳ್ತಿದ್ದೆ, ನಾಚಿಕೆಯಾಗಿ ಮೇಲೆ ಬರೆದಿರಲಿಲ್ಲ. ಮಧ್ಯಾಹ್ನ ಒಂದೆರಡು ಸಲ ತಲೆ ಹಗುರಾದ ಹಾಗಾಗಿತ್ತು, ಆಗ ಚುಚ್ಚಿ ನೋಡಲಿಲ್ಲ. ಇವತ್ತು ಊಟದ ಮೇಲೆ ಎರಡು ಗಂಟೆಗೆ ನೋಡಿದೆ, 163. ಬರೆದಿಟ್ಟಿದ್ದೇನೆ. ಶನಿವಾರ ಡಾಕ್ಟರ್ ಹತ್ತಿರ ಪಟ್ಟಿ, ಚೀಟಿ ಎರಡೂ ತಗೊಂಡು ಹೋಗ್ತೇನೆ.