ಪದಚರ್ಚೆ: ಲೋಡ್ ಆರ್ಡರ್‌ನಲ್ಲಿ ‘ಮೇಲೆ’ ಅಂದರೆ ಮೊದಲಾ, ಆಮೇಲಾ?

ಪ್ರಣವ:

ಎಲ್ಲರಿಗೂ ನಮಸ್ಕಾರ.

ನಾನು ಬರೆದ ಒಂದು ಪದದಿಂದಾಗಿ ನನ್ನ ಚಿಕ್ಕಪ್ಪನ ಮಗನ ಆಟ ಎರಡು ದಿನ ತೆರೆಯಲೇ ಇಲ್ಲ. ಆ ಪದ ‘ಮೇಲೆ’. ಅದರ ಬಗ್ಗೆ ನಿಮ್ಮೆಲ್ಲರನ್ನೂ ಕೇಳಬೇಕು.

ಅವನು ಕಂಪ್ಯೂಟರ್‌ನಲ್ಲಿ ಸ್ಕೈರಿಮ್ ಸ್ಪೆಶಲ್ ಎಡಿಷನ್ ಆಡುತ್ತಾನೆ. ಅದಕ್ಕೆ ಆಟಗಾರರೇ ಮಾಡಿ ಹಂಚುವ ಮಾಡ್‌ಗಳನ್ನು ಒಂದು 140ರಷ್ಟು ಸೇರಿಸಿದ್ದಾನೆ. ಇಂಗ್ಲಿಷಿನ ಸೂಚನೆಗಳು ಅವನಿಗೆ ಕಷ್ಟ. ಅದಕ್ಕೇ ನಾನು ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟೆ. ಒಂದು ಮಾಡ್ ವೈಟ್‌ರನ್ ಪಟ್ಟಣಕ್ಕೆ ಹೊಸ ಮನೆಗಳನ್ನು ಕಟ್ಟುತ್ತದೆ. ಇನ್ನೊಂದು ಅದೇ ಪಟ್ಟಣದಲ್ಲಿ ಮರ ನೆಡುತ್ತದೆ. ಎರಡನ್ನೂ ಹಾಕಿದರೆ ಮನೆಯೊಳಗೆ ಮರ ಬರುತ್ತದೆ. ಆ ಮರಗಳನ್ನು ಪಕ್ಕಕ್ಕೆ ಸರಿಸಲು ಒಂದು ಸಣ್ಣ ಪ್ಯಾಚ್ ಇದೆ. ಅದರ ಬಗ್ಗೆ ನಾನು ಬರೆದದ್ದು ಇಷ್ಟೇ: “ಪ್ಯಾಚನ್ನು ಆ ಎರಡರ ಮೇಲೆ ಹಾಕು.”

ನನ್ನ ಮನಸ್ಸಿನಲ್ಲಿ ಇದ್ದದ್ದು ಬಟ್ಟೆಯ ಮೇಲೆ ತೇಪೆ ಹಾಕುವ ಹಾಗೆ. ಅವನು ಲೋಡ್ ಆರ್ಡರ್, ಅಂದರೆ ಆಟ ಮಾಡ್‌ಗಳನ್ನು ಒಂದಾದ ನಂತರ ಒಂದರಂತೆ ಓದುವ ಪಟ್ಟಿ, ಇರುವ plugins.txt ತೆರೆದು ಪ್ಯಾಚನ್ನು ಆ ಎರಡರ ಮೇಲಿನ ಸಾಲಿಗೆ ಒಯ್ದ. ಫೈಲಿನ ಹೆಸರುಗಳನ್ನು ಇಲ್ಲಿ ಸರಳ ಮಾಡಿದ್ದೇನೆ:

```
*Mane-Mara-Patch.esp
*Mane.esp
*Mara.esp
```

ಆಟದ ಲೋಗೋ ಕಾಣಿಸುತ್ತಿತ್ತು. ಮೆನು ಬರುವ ಮೊದಲೇ ಎಲ್ಲ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬರುತ್ತಿತ್ತು. ಏನು ತಪ್ಪಾಯಿತು ಅಂತ ಒಂದು ಸಾಲೂ ತೋರಿಸುತ್ತಿರಲಿಲ್ಲ. ಪಾಪ, ಅವನು ಇಡೀ ಆಟವನ್ನೇ ಅಳಿಸಿ ಮತ್ತೆ ಇಳಿಸಿಕೊಂಡ. ಆದರೂ ಸರಿಹೋಗಲಿಲ್ಲ. ಯಾಕೆಂದರೆ ಆ ಪಟ್ಟಿ ಆಟದ ಫೋಲ್ಡರಿನಲ್ಲಿ ಇರುವುದಿಲ್ಲ. ವಿಂಡೋಸ್‌ನಲ್ಲಿ ಬೇರೆಯೇ ಜಾಗದಲ್ಲಿ ಉಳಿದಿರುತ್ತದೆ:

```
%LOCALAPPDATA%\Skyrim Special Edition\plugins.txt
```

ಈಗ ಆ ಎರಡು ಪುಟ ತಿದ್ದುತ್ತಿದ್ದೇನೆ. ‘ಮೇಲೆ’ ಬದಲು ಏನು ಬರೆಯಲಿ? ಲೋಡ್ ಆರ್ಡರ್, ಕಾನ್‌ಫ್ಲಿಕ್ಟ್, ಮಾಸ್ಟರ್ ಇವಕ್ಕೆ ಓದಿದ ಕೂಡಲೇ ತಿಳಿಯುವ ಕನ್ನಡ ಇದೆಯಾ?

ಗುರುರಾಜ:

ಪ್ರಣವ ಅವರೇ, ಕಾನ್‌ಫ್ಲಿಕ್ಟ್‌ಗೆ ‘ಸಂಘರ್ಷ’ ಅಂತ ಪತ್ರಿಕೆಗಳಲ್ಲೇ ಇದೆ, ಅದನ್ನೇ ಬಳಸಿ. ಎರಡು ಮಾಡ್ ಒಂದೇ ವಸ್ತುವಿಗೆ ಕೈಹಾಕಿದರೆ ಸಂಘರ್ಷ, ಸಂಘರ್ಷ ಆದರೆ ಆಟ ಬೀಳುತ್ತದೆ. ನಿಮ್ಮ ತಮ್ಮನಿಗೂ ಆಗಿದ್ದು ಅದೇ. LOOT ಅನ್ನುವ ಉಪಕರಣ ಓಡಿಸಲು ಹೇಳಿ, ಸಾಲನ್ನು ಅದೇ ಜೋಡಿಸಿಕೊಡುತ್ತದೆ. ಅದರಿಂದಲೂ ಆಗದಿದ್ದರೆ ಅರ್ಧ ಮಾಡ್‌ಗಳನ್ನು ಆಫ್ ಮಾಡಿ ನೋಡುತ್ತಾ ಹೋಗಲಿ, ಸಿಗುತ್ತದೆ.

ಶಾರದಾ:

ಪ್ರಣವ, ನನಗೆ ಈ ಆಟ ಗೊತ್ತಿಲ್ಲಪ್ಪ. ಆದರೆ ಲೋಡ್ ಅಂದಮೇಲೆ ‘ಹೇರು’ ಅನ್ನುವ ಒಳ್ಳೆಯ ಪದ ನಮ್ಮಲ್ಲೇ ಇದೆ. ಎತ್ತಿನ ಮೇಲೆ ಹೇರುತ್ತಿದ್ದರು, ಗಾಡಿಗೆ ಹೇರುತ್ತಿದ್ದರು. ‘ಹೇರುವ ಸರದಿ’ ಅಂದರೆ ಹೇಗೆ? ಭಾರವಾದ ಮೂಟೆ ಅಡಿಗೆ, ಹಗುರವಾದದ್ದು ಮೇಲಕ್ಕೆ. ನಿಮ್ಮ ಪ್ಯಾಚ್ ಸಣ್ಣದು ಅಂದಿರಲ್ಲ, ಅದು ಮೇಲೆಯೇ ಹೋಗಬೇಕು. ಹಾಗಾದರೆ ಹುಡುಗ ಮಾಡಿದ್ದರಲ್ಲಿ ತಪ್ಪೇನು ಅಂತ ನನಗೆ ಹೊಳೆಯಲಿಲ್ಲ.

‘ಮೇಲೆ’ಯ ವಿಷಯ ಮಾತ್ರ ಸೊಗಸಾಗಿದೆ. ಕನ್ನಡದಲ್ಲಿ ಅದಕ್ಕೆ ಜಾಗದ ಅರ್ಥವೂ ಉಂಟು, ಹೊತ್ತಿನ ಅರ್ಥವೂ ಉಂಟು. ‘ಮೇಜಿನ ಮೇಲೆ’ ಅನ್ನುವುದು ಜಾಗ. ‘ಊಟದ ಮೇಲೆ’, ‘ಮಳೆ ನಿಂತ ಮೇಲೆ’, ‘ಆಮೇಲೆ’ ಇವೆಲ್ಲ ಹೊತ್ತು. ನೀವು ಹೊತ್ತಿನ ಅರ್ಥದಲ್ಲಿ ಬರೆದಿರಿ, ಅವನು ಜಾಗದ ಅರ್ಥದಲ್ಲಿ ಓದಿದ. ಪಟ್ಟಿ ಮೇಲಿನಿಂದ ಕೆಳಕ್ಕೆ ಇರುವಾಗ ಈ ಎರಡು ಅರ್ಥಗಳು ಒಂದಕ್ಕೊಂದು ತಿರುಗಿ ನಿಲ್ಲುತ್ತವೆ. ಮೇಲಿನ ಸಾಲು ಮೊದಲು ಬರುತ್ತದೆ, ‘ಅದರ ಮೇಲೆ’ ಅಂದರೆ ನಂತರ ಆಗುತ್ತದೆ.

ಸ್ಮಿತಾ:

ಶಾರದಾ ಮೇಡಂ, ನೀವು ಕೊನೆಯಲ್ಲಿ ಹೇಳಿದ್ದು ಓದಿ ತುಂಬಾ ಖುಷಿಯಾಯಿತು. ಸ್ಕೈರಿಮ್‌ಗೆ ಇಂಥ ಸಣ್ಣ ಪ್ಯಾಚ್‌ಗಳನ್ನು ನಾನೇ ಮಾಡುತ್ತೇನೆ. ಇಷ್ಟು ವರ್ಷ ಈ ಗೊಂದಲ ಎಲ್ಲಿಂದ ಬರುತ್ತಿದೆ ಅಂತ ನನಗೂ ಹೊಳೆದಿರಲಿಲ್ಲ.

ಆದರೆ ‘ಹೇರು’ ಇಲ್ಲಿ ಕೂಡುವುದಿಲ್ಲ ಅನಿಸುತ್ತದೆ ಮೇಡಂ. ಇಲ್ಲಿ ಲೋಡ್ ಅಂದರೆ ಭಾರ ಏರಿಸುವುದಲ್ಲ, ಆಟವು ಫೈಲುಗಳನ್ನು ಒಂದೊಂದಾಗಿ ಓದಿಕೊಳ್ಳುವುದು. ಮೊದಲು `Skyrim.esm`, `Update.esm`, ಆಮೇಲೆ ಆಟದ ಜೊತೆಗೇ ಬರುವ ಇನ್ನು ಮೂರು. ಅದಾದ ಮೇಲೆ ನಮ್ಮ ಪಟ್ಟಿ, ಮೇಲಿನ ಸಾಲಿನಿಂದ ಕೆಳಕ್ಕೆ. ಭಾರ, ಹಗುರ ಅಂತ ಏನೂ ಇಲ್ಲ. ಒಂದು ಸೂಜಿಯಷ್ಟು ಪ್ಯಾಚ್ ಕೂಡ ತಪ್ಪು ಜಾಗದಲ್ಲಿದ್ದರೆ ಆಟವನ್ನು ಬೀಳಿಸುತ್ತದೆ.

ಗುರುರಾಜ ಅವರೇ, ನೀವು ಹೇಳಿದ್ದು ಅರ್ಧ ಸರಿ. ಆದರೆ ಪದದ ಆಯ್ಕೆ ನಿಂತಿರುವುದೇ ಉಳಿದರ್ಧದ ಮೇಲೆ. ಎರಡು ಮಾಡ್ ಒಂದೇ ವಸ್ತುವನ್ನು ಮುಟ್ಟಿದರೆ ಸಾಮಾನ್ಯವಾಗಿ ಆಟ ಬೀಳುವುದಿಲ್ಲ. ಕೊನೆಗೆ ಓದಿದ ಫೈಲಿನ ಮಾತು ನಿಲ್ಲುತ್ತದೆ, ಅಷ್ಟೇ. ಗೋಡೆಗೆ ಎರಡು ಸಲ ಬಣ್ಣ ಬಳಿದರೆ ಕೊನೆಯ ಬಣ್ಣ ಕಾಣುವ ಹಾಗೆ. ಆಟ ಮಾಡಿದವರ `Dawnguard.esm` ಕೂಡ `Skyrim.esm`ನಲ್ಲಿರುವ ಎಷ್ಟೋ ವಸ್ತುಗಳನ್ನು ಹೀಗೇ ಬದಲಿಸುತ್ತದೆ. ಅದನ್ನು ಸಂಘರ್ಷ ಅಂದರೆ ಓದುವವರಿಗೆ ಸುಮ್ನೆ ಭಯ. ಮನೆಯೊಳಗೆ ಮರ ಬಂದಿದ್ದೂ ಆಟ ಬೀಳಿಸುವಂಥದ್ದಲ್ಲ: ನೋಡಲು ಕೆಟ್ಟದಾಗಿರುತ್ತದೆ, ಆಟ ಮಾತ್ರ ನಡೆಯುತ್ತದೆ.

ಪ್ರಣವ ಅವರ ತಮ್ಮನಿಗೆ ಆಗಿದ್ದು ಬೇರೆ. ಆ ಪ್ಯಾಚಿನಲ್ಲಿ ಮನೆಯೂ ಇಲ್ಲ, ಮರವೂ ಇಲ್ಲ. “`Mara.esp`ನಲ್ಲಿರುವ ಇಂಥ ಮರವನ್ನು ಇಷ್ಟು ದೂರ ಸರಿಸು” ಅಂತ ಮಾತ್ರ ಇದೆ. ಆಟದಲ್ಲಿ ಪ್ರತಿ ವಸ್ತುವಿಗೆ ಎಂಟು ಅಕ್ಷರದ ಗುರುತು ಇರುತ್ತದೆ. ಸಾಮಾನ್ಯ ಫೈಲುಗಳಲ್ಲಿ ಅದರ ಮೊದಲ ಎರಡು ಅಕ್ಷರ, ಆ ವಸ್ತು ಸಾಲಿನ ಎಷ್ಟನೇ ಫೈಲಿನದು ಅಂತ ಹೇಳುತ್ತವೆ. ಪ್ಯಾಚನ್ನು ಓದುವ ಹೊತ್ತಿಗೆ ಆ ಫೈಲ್ ಇನ್ನೂ ಬಂದೇ ಇಲ್ಲದಿದ್ದರೆ ಯಾವ ಮರವನ್ನು ಸರಿಸಬೇಕು? ಹೀಗೆ ಒಂದು ಫೈಲ್ ಯಾವುದನ್ನು ನೆಚ್ಚಿಕೊಂಡಿದೆಯೋ ಅದಕ್ಕೆ ಮಾಸ್ಟರ್ ಅನ್ನುತ್ತಾರೆ. ಮಾಸ್ಟರ್ ಇಲ್ಲದಿದ್ದರೂ, ಆಫ್ ಆಗಿದ್ದರೂ, ಪ್ಯಾಚಿನ ನಂತರ ಬಂದರೂ ಹೀಗೇ ಲೋಗೋ ಹೊತ್ತಿಗೆ ಆಟ ಮುಚ್ಚಿಕೊಳ್ಳುವುದು ಜಾಸ್ತಿ. ಮೆನು ಚೆನ್ನಾಗಿ ಬಂದು, ಹಳೆಯ ಸೇವ್ ತೆರೆಯುವಾಗ ಮಾತ್ರ ಬಿದ್ದರೆ ನಾನು ಬೇರೆ ಕಡೆ ಹುಡುಕುತ್ತೇನೆ. ನಡುವೆ ತೆಗೆದುಹಾಕಿದ ಮಾಡ್ ಇದೆಯಾ, ಯಾವುದಾದರೂ ಮಾಡೆಲ್ ಫೈಲ್ ಕೆಟ್ಟಿದೆಯಾ ಅಂತ.

ಆಟ ಏನೂ ಹೇಳದಿದ್ದರೂ, ಮಾಡ್ ಫೈಲುಗಳನ್ನು ಬಿಚ್ಚಿ ನೋಡುವ SSEEdit ಅನ್ನುವ ಉಪಕರಣ ಹೇಳುತ್ತದೆ. ಅದೇ ಪಟ್ಟಿಯನ್ನು ಅದರಲ್ಲಿ ತೆರೆದರೆ ಇಂಥ ಸಾಲು ಬಂದು ಅಲ್ಲೇ ನಿಲ್ಲುತ್ತದೆ:

```
"Mane-Mara-Patch.esp" requires master "Mane.esp" to be loaded before it.
```

ನೋಡಿ, ಅಲ್ಲಿಯೂ ಬರೆದವರು ಮೇಲೆ, ಕೆಳಗೆ ಅಂತ ಹೇಳಿಲ್ಲ. ಮೊದಲು ಓದಬೇಕು ಅಂತ ಹೊತ್ತಿನ ಮಾತು ಹೇಳಿದ್ದಾರೆ. ಅದಕ್ಕೆ ಕಾರಣವೂ ಇದೆ. ಪಟ್ಟಿಯಲ್ಲಿ ನಂತರದ್ದು ಕೆಳಗಿರುತ್ತದೆ. SSEEditನಲ್ಲಿ ಅದೇ ಫೈಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಂತರದ್ದು ಬಲಕ್ಕಿರುತ್ತದೆ. ಜಾಗ ಬದಲಾಗುತ್ತದೆ, ಹೊತ್ತು ಬದಲಾಗುವುದಿಲ್ಲ.

LOOT ಈ ಕೇಸನ್ನು ಸರಿಮಾಡುತ್ತಿತ್ತು, ನಿಜ. ಅದು ಮಾಸ್ಟರ್‌ಗಳನ್ನು ನೋಡಿಯೇ ಸಾಲು ಜೋಡಿಸುತ್ತದೆ. ಆದರೆ ಮನೆ ಉಳಿಯಬೇಕಾ ಮರ ಉಳಿಯಬೇಕಾ ಅನ್ನುವುದು ಆಡುವವರ ಇಷ್ಟ, ಅದನ್ನು LOOT ಹೇಳಲಾರದು.

ಅರ್ಧ ಆಫ್ ಮಾಡುವ ವಿಷಯದಲ್ಲಿ ದಯವಿಟ್ಟು ಒಂದು ಎಚ್ಚರಿಕೆ ಇರಲಿ. ಎಲ್ಲೆಲ್ಲಿಂದಲೋ ಆರಿಸಿ 70 ಆಫ್ ಮಾಡಿದರೆ ಯಾವುದೋ ಪ್ಯಾಚಿನ ಮಾಸ್ಟರ್ ಹೋಗಿಬಿಡುತ್ತದೆ. ಆಗ ಆಟ ಬೀಳುವುದು ಹೊಸ ತಪ್ಪಿಗೆ. ನೀವು ಹಳೆಯದೇ ಅಂದುಕೊಂಡು ಹುಡುಕುತ್ತೀರಿ. ಮೊದಲು ಮಾಸ್ಟರ್ ದೂರುಗಳನ್ನೆಲ್ಲ ಸರಿಮಾಡಿಕೊಂಡು, ಆಮೇಲೆ ಸಾಲಿನ ಕೊನೆಯಿಂದ ಅರ್ಧ ಆಫ್ ಮಾಡಿ. ಮಾಸ್ಟರ್ ಯಾವಾಗಲೂ ಮೊದಲೇ ಇರುವುದರಿಂದ ಉಳಿದ ಯಾವುದಕ್ಕೂ ಆಸರೆ ತಪ್ಪುವುದಿಲ್ಲ. ಮೆನು ಬಂದರೆ ತಪ್ಪು ಬಾಲದಲ್ಲಿದೆ, ಬಾಲದ ಮೊದಲರ್ಧ ಆನ್ ಮಾಡಿ. ಬರದಿದ್ದರೆ ಇನ್ನೂ ಅರ್ಧ ಕತ್ತರಿಸಿ. 140 ಮಾಡ್ ಇದ್ದರೂ ಎಂಟು ಸಲದೊಳಗೆ ಒಂದು ಫೈಲಿಗೆ ಬಂದು ನಿಲ್ಲುತ್ತೀರಿ. ಹುಡುಕುವಾಗ ಮೆನು ಬರುತ್ತದಾ ಅಂತ ಮಾತ್ರ ನೋಡಿ. ಹಳೆಯ ಸೇವ್ ತೆರೆದು ಅದರ ಮೇಲೆ ಮತ್ತೆ ಸೇವ್ ಮಾಡಬೇಡಿ.

ಇಮ್ರಾನ್:

ನಾನು ಆಡುವುದು ರಿಮ್‌ವರ್ಲ್ಡ್. ಅಲ್ಲಿ Harmony ಅಂತ ಒಂದು ಮಾಡ್ ಇದೆ, ಬೇರೆ ಎಷ್ಟೋ ಮಾಡ್‌ಗಳು ಅದನ್ನೇ ನೆಚ್ಚಿಕೊಂಡಿವೆ. “Harmony ಎಲ್ಲಕ್ಕಿಂತ ಮೇಲೆ, ಆಟದ Coreಗಿಂತಲೂ ಮೇಲೆ” ಅಂತ ಗೆಳೆಯ ಹೇಳಿದ. ನಾನು ಮೇಲೆ ಇಟ್ಟೆ, ಸರಿಯಾಯಿತು. ಹಾಗಾಗಿ ನನ್ನ ಮಟ್ಟಿಗೆ ‘ಮೇಲೆ’ ಅಂದರೆ ಮೊದಲು ಅಂತಲೇ. ಪ್ರಣವ ಅವರ ತಮ್ಮ ಓದಿದ್ದು ನನಗೆ ಸಹಜ ಅನಿಸುತ್ತದೆ. ‘ಮೇಲೆ’ ಬೇಡ ಅಂದರೆ ‘ಹಿಂದೆ’ ಬಳಸಬಹುದಲ್ಲ? ಪ್ಯಾಚ್ ಆ ಎರಡರ ಹಿಂದೆ ಬರಲಿ.

ಶಾರದಾ:

ಇಮ್ರಾನ್, ‘ಹಿಂದೆ’ಯಲ್ಲಿಯೂ ಅದೇ ತೊಡಕು ಇದೆಯಪ್ಪ. ಬಸ್ಸಿನ ಸಾಲಿನಲ್ಲಿ ನನ್ನ ಹಿಂದೆ ನಿಂತವರು ನನ್ನ ನಂತರ ಹತ್ತುತ್ತಾರೆ. ಆದರೆ ‘ಹತ್ತು ವರ್ಷದ ಹಿಂದೆ’ ಅಂದರೆ ಮೊದಲು ಆದದ್ದು. ‘ಮುಂದೆ’ಯೂ ಹಾಗೇ: ಸಾಲಿನಲ್ಲಿ ಮುಂದಿರುವವರು ಮೊದಲಿನವರು, ‘ಮುಂದೆ ನೋಡೋಣ’ ಅಂದರೆ ನಂತರ. ‘ಮೊದಲು’, ‘ನಂತರ’ ಇವೆರಡೇ ಈ ಇಕ್ಕಟ್ಟಿಗೆ ಸಿಗದ ಪದಗಳು. ಜಾಗವನ್ನೂ ಹೇಳಲೇಬೇಕೆಂದರೆ ‘ಕೆಳಗಿನ ಸಾಲಿನಲ್ಲಿ’ ಅಂತ ಸಾಲಿನ ಮಾತು ಸೇರಿಸಿ ಬರೆಯಿರಿ.

ಸ್ಮಿತಾ ಹೇಳಿದ ಮೇಲೆ ಹೇರು ಬಿಟ್ಟೆ. ಆದರೆ ‘ಸರದಿ’ ಬಿಡಬೇಡಿ. ‘ಕ್ರಮ’ ಅಂದರೆ ಕ್ರಮ ಕೈಗೊಳ್ಳುವುದೂ ಆದೀತು. ಸರದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಅನ್ನುವ ಅರ್ಥ ಮಾತ್ರ ಇದೆ. ‘ಓದುವ ಸರದಿ’ ಚೆನ್ನಾಗಿಲ್ಲವೇ?

ಗುರುರಾಜ:

‘ಸಂಘರ್ಷ’ ಭಯ ಹುಟ್ಟಿಸುತ್ತದೆ, ಒಪ್ಪಿದೆ. ‘ತಿಕ್ಕಾಟ’ ಅನ್ನೋಣವಾ? ಮಾಸ್ಟರ್‌ಗೆ ನನ್ನದೊಂದು ಸಲಹೆ: ‘ತಾಯಿ ಫೈಲ್’. ನಾನು ಆಸ್ತಿ ಪತ್ರಗಳ ಕೆಲಸ ಮಾಡುವವನು. ಅಲ್ಲಿ ತಾಯಿ ಪತ್ರ ಅಂತ ಇದೆ. ಅದನ್ನು ತೋರಿಸದಿದ್ದರೆ ಆಮೇಲಿನ ಕ್ರಯಪತ್ರಕ್ಕೆ ಬುಡವೇ ಇಲ್ಲ. ಪ್ಯಾಚಿನ ಕತೆಯೂ ಅದೇ ಅಲ್ವಾ?

ಸ್ಮಿತಾ:

ಹೋಲಿಕೆ ತುಂಬಾ ಹತ್ತಿರ ಇದೆ. ಆದರೆ ಈ ಪ್ಯಾಚಿಗೆ ಮನೆಯ ಫೈಲೂ ಮಾಸ್ಟರ್, ಮರದ ಫೈಲೂ ಮಾಸ್ಟರ್, `Skyrim.esm` ಕೂಡ ಮಾಸ್ಟರ್. ಹತ್ತು ಮಾಸ್ಟರ್ ಇರುವ ಪ್ಯಾಚನ್ನೂ ಮಾಡಿದ್ದೇನೆ. ಒಂದಕ್ಕೆ ಹತ್ತು ತಾಯಿ ಅಂದರೆ ಓದುವವರು ಎಡವುತ್ತಾರೆ. ‘ಆಸರೆ ಫೈಲ್’ ನನಗೆ ಇಷ್ಟ. ಆಸರೆ ಎಷ್ಟಾದರೂ ಇರಬಹುದು, ಒಂದು ತೆಗೆದರೂ ಸೂರು ಬೀಳುತ್ತದೆ.

ಗುರುರಾಜ:

‘ಆಸರೆ’ ಅಂದರೆ ಇದ್ದರೆ ಒಳ್ಳೆಯದು ಅನ್ನುವ ಹಾಗೆ ಕೇಳಿಸುತ್ತದೆ. ‘ತಾಯಿ’ ಅಂದಾಗ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ತಾನಾಗಿ ಬರುತ್ತದೆ. ನಾನು ತಾಯಿಯನ್ನೇ ಹಿಡಿಯುತ್ತೇನೆ.

ಪ್ರಣವ:

ಎಲ್ಲರಿಗೂ ಮನಸಾರೆ ಧನ್ಯವಾದ. ಪುಟದಲ್ಲಿ ಈಗ ಹೀಗೆ ತಿದ್ದಿದ್ದೇನೆ: “ಮೊದಲು ಮನೆಯ ಫೈಲ್, ಮರದ ಫೈಲ್. ಅವೆರಡೂ ಓದಿ ಮುಗಿದ ನಂತರ ಪ್ಯಾಚ್. ಪಟ್ಟಿಯಲ್ಲಿ ಪ್ಯಾಚ್ ಅವೆರಡರ ಕೆಳಗಿನ ಸಾಲಿನಲ್ಲಿ ಇರಬೇಕು.”

```
*Mane.esp
*Mara.esp
*Mane-Mara-Patch.esp
```

ನಿನ್ನೆ ರಾತ್ರಿ ತಮ್ಮ ಹೀಗೆ ಮಾಡಿ ಸೇವ್ ಮಾಡಿದ. ಮೆನು ಬಂತು. ಪಟ್ಟಣಕ್ಕೆ ಹೋಗಿ ನೋಡಿದ, ಮರ ಮನೆಯ ಪಕ್ಕದಲ್ಲಿ ನಿಂತಿತ್ತು.

ಮಾಸ್ಟರ್ ಅನ್ನು ಸದ್ಯಕ್ಕೆ ಮಾಸ್ಟರ್ ಅಂತಲೇ ಬಿಟ್ಟಿದ್ದೇನೆ. ಲೋಡ್ ಆರ್ಡರ್‌ಗೆ ‘ಓದುವ ಸರದಿ’ ಬರೆದು ಪಕ್ಕದಲ್ಲಿ ಲೋಡ್ ಆರ್ಡರ್ ಅಂತಲೂ ಇಟ್ಟಿದ್ದೇನೆ, ಬೇರೆ ಕಡೆ ಓದುವಾಗ ಗುರುತು ಸಿಗಲಿ ಅಂತ. ಇನ್ನೊಂದು ಪದ ಉಳಿದಿದೆ. ಎರಡು ಫೈಲ್ ಒಂದೇ ವಸ್ತುವನ್ನು ಮುಟ್ಟಿದಾಗ ಕೊನೆಗೆ ನಿಲ್ಲುವ ಫೈಲಿಗೆ ನಾನು ‘ಮೇಲುಗೈ ಪಡೆದ ಫೈಲ್’ ಅಂತ ಬರೆದಿದ್ದೆ. ಅದು ಪಟ್ಟಿಯಲ್ಲಿ ಕೆಳಗಿರುತ್ತದೆ. ಇಲ್ಲಿಯೂ ‘ಮೇಲು’ ಬಂದು ತಮ್ಮನನ್ನು ದಾರಿ ತಪ್ಪಿಸುತ್ತದಾ, ಅಥವಾ ‘ಮೇಲುಗೈ’ ಅನ್ನುವಾಗ ಯಾರೂ ಜಾಗವನ್ನು ನೆನೆಸಿಕೊಳ್ಳುವುದಿಲ್ಲವಾ?