ಸಾಲ್ಟರ್-ಹ್ಯಾರಿಸ್ ವರ್ಗೀಕರಣಕ್ಕೆ ನೆನಪಿನ ಸೂತ್ರ

ಪ್ರಶ್ನೆ: "ಆರ್ಥೋ ರಿವಿಷನ್ ಡೆಕ್‌ನಲ್ಲಿ ಮಕ್ಕಳ ಮೂಳೆ ಮುರಿತದ ಸಾಲ್ಟರ್-ಹ್ಯಾರಿಸ್ ಕಾರ್ಡ್ ಬಂದಾಗಲೆಲ್ಲ 2 ಮತ್ತು 3 ಅದಲುಬದಲಾಗುತ್ತವೆ. ನೀವು ಯಾವ ಸೂತ್ರ ಕಟ್ಟಿಕೊಂಡಿದ್ದೀರಿ?"

ಅಂತಿಮ ವರ್ಷದ ವಿದ್ಯಾರ್ಥಿ:
ಸೂತ್ರ ಹೆಸರಿನಲ್ಲೇ ಇದೆ. ಸಾಲ್ಟರ್ ಎಂಬುದರ ಇಂಗ್ಲಿಷ್ ಅಕ್ಷರಗಳಲ್ಲಿ ಇ ಒಂದನ್ನು ಬಿಟ್ಟರೆ ಎಸ್ ಎಂದರೆ ಜಾರಿದ್ದು, ಎ ಎಂದರೆ ಗ್ರೋತ್ ಪ್ಲೇಟಿನ ಮೇಲೆ, ಎಲ್ ಎಂದರೆ ಕೆಳಗೆ, ಟಿ ಎಂದರೆ ಎರಡನ್ನೂ ಸೀಳಿದ್ದು, ಆರ್ ಎಂದರೆ ಜಜ್ಜಿದ್ದು. ಇದಕ್ಕಿಂತ ಬೇರೇನೂ ಬೇಕಾಗಿಲ್ಲ.

ಮೂಳೆ ವಿಭಾಗದ ಪಿಜಿ:
ಈ ಸೂತ್ರ ಮಣಿಕಟ್ಟಿನ ಎಕ್ಸ್-ರೇಗೆ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಮೆಟಾಫಿಸಿಸ್ ಪ್ಲೇಟಿನ ಮೇಲಿದೆ, ಎಪಿಫಿಸಿಸ್ ಕೆಳಗಿದೆ. ಆದರೆ ಭುಜದ ಬಳಿ ಎಪಿಫಿಸಿಸ್ಸೇ ಮೇಲಿರುವುದರಿಂದ, "ಮೇಲೆ" ಎಂಬ ಪದವನ್ನು ನಂಬಿದವರು 3ನ್ನು 2 ಎನ್ನುತ್ತಾರೆ. ವೈವಾದಲ್ಲಿ ನಾನು ಮಾಡಿದ್ದು ಇದೇ ತಪ್ಪು. ಅಂದಿನಿಂದ ದಿಕ್ಕನ್ನು ಕೈಬಿಟ್ಟು ಕೀಲನ್ನು ಹಿಡಿದುಕೊಂಡಿದ್ದೇನೆ: ಜಾರಿತು, ಕೀಲಿನಿಂದ ದೂರ ಓಡಿತು, ಕೀಲಿಗೆ ಇಳಿಯಿತು, ಎರಡನ್ನೂ ಸೀಳಿತು, ಜಜ್ಜಿತು. ಯಾವ ಮೂಳೆಯ ಯಾವ ತುದಿಗಾದರೂ ಇದು ಹೊಂದುತ್ತದೆ. ಜೊತೆಗೆ 3 ಮತ್ತು 4ರಲ್ಲಿ ಬಿರುಕು ಕೀಲಿನ ಮೇಲ್ಮೈಯನ್ನು ತಲುಪುವುದರಿಂದ ಅದನ್ನು ಕರಾರುವಾಕ್ಕಾಗಿ ಕೂಡಿಸಬೇಕೆಂಬುದೂ ನೆನಪಿಗೆ ಬರುತ್ತದೆ.

ಐದನ್ನೂ ಒಂದೇ ಕಾರ್ಡಿನಲ್ಲಿ ಕೇಳಬೇಡಿ. ಪ್ರತಿ ವಿಧಕ್ಕೂ ಮೂಳೆಯ ಮೇಲ್ತುದಿಯದೊಂದು, ಕೆಳತುದಿಯದೊಂದು ಗೆರೆಚಿತ್ರ ಬರೆದು, ಮುಂದೆ ಚಿತ್ರವನ್ನಷ್ಟೇ ಇಟ್ಟು, ಸೂತ್ರವನ್ನು ಹಿಂಬದಿಗೆ ಹಾಕಿ. 4ರ ಚಿತ್ರ ಕಂಡಾಗ ನೀವು ಒಂದರಿಂದ ಎಣಿಸುತ್ತಾ ಬಂದರೆ, ಕಲಿತದ್ದು ಪಠಣವನ್ನೇ ಹೊರತು ವರ್ಗೀಕರಣವನ್ನಲ್ಲ.

ಒಬ್ಬ ತಾಯಿ:
ನನ್ನ ಮಗನಿಗೆ ಮಣಿಕಟ್ಟಿನಲ್ಲಿ 2ನೇ ವಿಧದ ಮುರಿತವಾಗಿದೆ ಎಂದಿದ್ದಾರೆ. ಸಂಖ್ಯೆ ಸಣ್ಣದಿರುವುದರಿಂದ ಕೈ ಬೆಳವಣಿಗೆಗೆ ತೊಂದರೆ ಇಲ್ಲವೆಂದು ತಿಳಿಯಬಹುದೇ?

ಮೂಳೆ ವಿಭಾಗದ ಪಿಜಿ:
ಅಮ್ಮಾ, 2ನೇ ವಿಧವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದ್ದು, ಮಣಿಕಟ್ಟಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಸಂಖ್ಯೆಯೊಂದರಿಂದಲೇ ತೀರ್ಮಾನಿಸಲಾಗದು. ಮಂಡಿಯ ಬಳಿ ತೊಡೆಮೂಳೆಯಲ್ಲಿ ಇದೇ 2ನೇ ವಿಧ ಬೆಳವಣಿಗೆಯನ್ನು ನಿಲ್ಲಿಸುವುದುಂಟು. ವೈದ್ಯರು ಹೇಳಿದ ದಿನಕ್ಕೆ ಮರುಪರೀಕ್ಷೆ ತಪ್ಪಿಸಬೇಡಿ. ವಿದ್ಯಾರ್ಥಿಗಳೂ ಇದನ್ನು ಸೂತ್ರಕ್ಕೆ ಸೇರಿಸದೆ ಬೇರೆ ಕಾರ್ಡಾಗಿ ಬರೆದುಕೊಳ್ಳುವುದು ಒಳ್ಳೆಯದು.

ಇಂಟರ್ನ್ ಒಬ್ಬರು:
ಕೀಲಿನ ಸೂತ್ರವನ್ನು ಒಪ್ಪುತ್ತೇನೆ, ಆದರೂ ವೈವಾದಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸಬೇಕಾದ ನನಗೆ ಕನ್ನಡ ವಾಕ್ಯದಿಂದ ಅನುವಾದಿಸುವಷ್ಟರಲ್ಲಿ ತಡವಾಗುತ್ತದೆ. ಹಾಗಾಗಿ ಅಕ್ಷರಗಳನ್ನೇ ಇಟ್ಟುಕೊಂಡು, ಎ ಎಂದರೆ ಕೀಲಿನಿಂದ "ಅವೇ" ಎಂದು ಬದಲಿಸಿಕೊಂಡೆ. ಎಲ್‌ಗೆ ಅಂಥ ಪದ ಸಿಕ್ಕಿಲ್ಲ. ಇನ್ನೊಂದು ತೊಡಕು: 1 ಮತ್ತು 5 ಎರಡರಲ್ಲೂ ಮೊದಲ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು; ಚಿತ್ರದ ಕಾರ್ಡಿನಲ್ಲಿ ಇವೆರಡನ್ನು ನೀವು ಹೇಗೆ ಬೇರ್ಪಡಿಸಿದಿರಿ?