ಅಪ್‌ಡೇಟ್: ಬೆಣ್ಣಿಹಳ್ಳದ ಮೂಲ, ಹತ್ತಿರದ ಊರು

ನನ್ನ ಪ್ರಶ್ನೆ ಇದಿತ್ತು: "ಬೆಣ್ಣಿಹಳ್ಳ ಎಲ್ಲಿ ಹುಟ್ಟತದ? ಯಾವ ಊರಿಗೆ ಹೋಗಿ ಇಳಿಬೇಕು?"

ಉತ್ತರ: ಶಿಗ್ಗಾವಿ ತಾಲೂಕಿನ ದುಂಡಶಿ. ಮೂಲ ಅದರ ಹತ್ತಿರದ ಗುಡ್ಡದ ಸೀಮೆಯೊಳಗದ.

ಹುಡುಕೂದನ್ನ ಹಳ್ಳ ಮಲಪ್ರಭೆಗೆ ಸೇರೋ ಕಡೆಯಿಂದ, ಹರಿವಿನ ಎದುರಿಗೆ ಶುರು ಮಾಡಬೇಕು. ದಾರಿ ತಪ್ಪೂದು ತುಪ್ಪರಿಹಳ್ಳ ಕೂಡೋ ಜಾಗದಾಗ. ಪಶ್ಚಿಮದ ಕವಲು ಹಿಡಿದ್ರ ಧಾರವಾಡದ ಕಡೆಗೆ ಹೋಗಿಬಿಡ್ತೀರಿ; ದಕ್ಷಿಣದ್ದನ್ನ ಬಿಡಬ್ಯಾಡ್ರಿ.

ಮೇಲಕ್ಕೆ ಹೋದಂಗ ಮೊಬೈಲ್ ನಕಾಶೆಯ ನೀಲಿ ಗೆರೆ ನಡುವೇ ನಿಂತುಬಿಡತದ. ಅದನ್ನ ಮೂಲ ಅಂತ ತಿಳಿಯೂದು ತಪ್ಪು. ಸಣ್ಣ ಹಳ್ಳಗಳನ್ನ ಆ ನಕಾಶೆ ತೋರಿಸೂದಿಲ್ಲ, ಅಷ್ಟ. ಅಲ್ಲಿಂದ ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ಬೇಕು. ಅದರಾಗ 1 ಸೆಂ.ಮೀ. ಅಂದ್ರ ನೆಲದ ಮ್ಯಾಲೆ 500 ಮೀಟರ್. ಸಮಎತ್ತರದ ಗೆರೆಗಳು ಹಳ್ಳ ದಾಟುವಾಗ ಮೊನೆಯಂಗ ಬಾಗತಾವ. ಆ ಮೊನೆ ಯಾವಾಗಲೂ ಏರಿನ ಕಡೆಗೇ ಇರತದ. ಮೊನೆಗಳು ಮಾಯವಾಗಿ ಗೆರೆ ನೆಟ್ಟಗಾದಲ್ಲಿಗೆ ಹಳ್ಳದ ತಲೆ ಮುಗೀತು. ದಿಬ್ಬದ ಆಚೆ ಬಿದ್ದ ಮಳಿ ಬ್ಯಾರೆ ಹೊಳೆಯ ಪಾಲು.

ಒಂದೇ ಬುಗ್ಗೆ, ಒಂದೇ ಕಲ್ಲು ಸಿಗತದ ಅಂತ ಹೋಗಬ್ಯಾಡ್ರಿ. ಇದು ಮಳಿನೀರಿನ ಹಳ್ಳ, ತುದಿಯಾಗ ಹಲವು ಕೊರಕಲು ಕೂಡತಾವ. ಬ್ಯಾಸಿಗ್ಯಾಗ ಒಣಗಿದ ತಳ ನೋಡಿ ಗುರುತಿಸೂದು ಕಷ್ಟ, ಮಳಿಗಾಲ ಮುಗಿದ ಕೂಡಲೇ ಹೋದ್ರ ಚಲೋ. ಕೊನೆಯ ದಾರಿ ಹೊಲದ ಬದುವಿನ ಮ್ಯಾಲೆ ಇದ್ರ ಹೊಲದವರನ್ನ ಕೇಳಿ ಕಾಲಿಡ್ರಿ.